ಬಿಳಿ ವಿಲ್ಲಾ ಕಪ್ಪಾದ ಶನಿವಾರ

ಮಸ್ಕತ್ತಿನಲ್ಲಿ ಮನೆಗೆ ಬಿಳಿ ಬಳಿಯಬೇಕು, ಇಲ್ಲವೇ ಮರಳಿನ ಬಣ್ಣ. ಕಪ್ಪಿಗೆ ಪರವಾನಗಿ ಸಿಗುವುದಿಲ್ಲ. ಹಾಗಿರುವಾಗ ನಮ್ಮ ಗಿರಾಕಿಯ ಕಂಪ್ಯೂಟರಿನಲ್ಲಿ ಅವರು ಕಟ್ಟಿಸಲಿದ್ದ ಇಪ್ಪತ್ತು ವಿಲ್ಲಾಗಳೂ ಕೆಂಡದ ಮೇಲೆ ಕೂತ ಹಂಚಿನಂತೆ ಕಪ್ಪಗಿದ್ದವು.

ಅಲ್ ಖುವೈರ್‌ನ ನಮ್ಮ ಪುಟ್ಟ ಕಚೇರಿಯಲ್ಲಿ, ಇನ್ನೂ ಕಟ್ಟದ ಮನೆಗಳೊಳಗೆ ಗಿರಾಕಿ ತಾನೇ ಓಡಾಡಿ ನೋಡುವಂಥ ಪ್ರೋಗ್ರಾಂ ಮಾಡುತ್ತಿದ್ದೆವು. ಪರದೆಯ ಪ್ರತಿ ಚುಕ್ಕೆಗೂ ಬಣ್ಣ ಲೆಕ್ಕ ಹಾಕುವ ಶೇಡರ್ ಬರೆದವಳು ನಾನು, ಬಾಗಲಕೋಟೆಯವಳು. ಮನೆಗಳ ಮಾಡೆಲ್ ಮಾಡಿದವರು ಉಡುಪಿಯ ಸಹೋದ್ಯೋಗಿ. ನಮ್ಮೆಲ್ಲ ಯಂತ್ರಗಳಲ್ಲಿ ಒಂದೇ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಇತ್ತು. ಅಲ್ಲಿ ಗೋಡೆಗಳು ಹಾಲಿನಂತೆ ಬಿಳಿ. ಗಿರಾಕಿಯದು ಬೇರೆ ಕಂಪನಿಯ ಕಾರ್ಡ್. ಅವರು ಶನಿವಾರ ಬೆಳಿಗ್ಗೆ ತಮ್ಮ ಯಂತ್ರವನ್ನೇ ಕಾರಿನಲ್ಲಿ ಹೇರಿಕೊಂಡು ತಂದು, "ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತೇನೆ. ನಾನೇ ನಡೆದು ನೋಡಬೇಕು. ಬರೀ ಸಿನಿಮಾ ತೋರಿಸುವುದಾದರೆ ದುಬೈ ಕಂಪನಿಯವರೇ ಸಾಕು" ಎಂದು ಹೇಳಿ ಹೋದರು. ಆ ಕೆಲಸ ಕೈತಪ್ಪಿದರೆ ಕಚೇರಿಗೆ ಬೇರೆ ಕೆಲಸವಿರಲಿಲ್ಲ.

ಕಚೇರಿಯ ಒಮಾನಿ ಯಜಮಾನರು ಪರದೆ ನೋಡಿದವರೇ, "ಖಲಾಸ್! ಕಾರ್ಡ್ ಕೆಟ್ಟಿದೆ. ವಿಡಿಯೋ ಡಿಸ್ಕ್ ತಯಾರು ಮಾಡಿ" ಅಂದರು.

"ಕಾರ್ಡ್ ಕೆಟ್ಟಿದ್ರ ಆಕಾಶನೂ ಕಪ್ಪಾಗಬೇಕಿತ್ತಲ್ರಿ" ಅಂತ ಸಹೋದ್ಯೋಗಿಗೆ ಕನ್ನಡದಲ್ಲೇ ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಆ ಗಾದೆಗೆ ಗುರಿಯಾಗುವ ಮನಸ್ಸು ನನಗಿರಲಿಲ್ಲ.

ಗಿರಾಕಿಯ ಯಂತ್ರಕ್ಕೆ ಫ್ರೇಮ್ ಹಿಡಿಯುವ ಟೂಲ್ ಹಾಕಿದೆ. ಒಂದು ಕೀ ಒತ್ತಿದರೆ ಅದು ಆ ಕ್ಷಣದ ಚಿತ್ರವನ್ನೂ, ಚಿತ್ರ ಮೂಡಿಸಲು ಕಾರ್ಡಿಗೆ ಕೊಟ್ಟ ಒಂದೊಂದು ಆಜ್ಞೆಯನ್ನೂ ಹಿಡಿದಿಡುತ್ತದೆ. ಆಮೇಲೆ ಆಜ್ಞೆಗಳನ್ನು ಒಂದೊಂದಾಗಿ ನಡೆಸುತ್ತ ಚಿತ್ರ ಕಟ್ಟಿಕೊಳ್ಳುವುದನ್ನು ನೋಡಬಹುದು. ಆಕಾಶ ಬಂತು, ನೆಲ ಬಂತು, ಖರ್ಜೂರದ ಮರ ಬಂತು. ಗೋಡೆಯ ಆಜ್ಞೆ ಬರುತ್ತಲೇ ಕಪ್ಪು ಶುರು. ಕೊನೆಗೆ ಬೆಳಕಿಗೆ ಮಂಜಿನ ಹೊಳಪು ಕೊಡುವ ಹಂತ ಆ ಕಪ್ಪನ್ನು ಸುತ್ತಲಿನ ಚುಕ್ಕೆಗಳಿಗೂ ಹಚ್ಚಿ ದೊಡ್ಡ ದೊಡ್ಡ ಚೌಕ ಮಾಡುತ್ತಿತ್ತು. ಗೋಡೆಯ ಚುಕ್ಕೆಯ ಮೇಲೆ ಮೌಸ್ ಇಟ್ಟರೆ ಅಲ್ಲಿದ್ದದ್ದು ಸೊನ್ನೆಯೂ ಅಲ್ಲ. ಸಂಖ್ಯೆಯೇ ಅಲ್ಲದ ಏನೋ ಒಂದು.

ಆ ಚುಕ್ಕೆಯ ಲೆಕ್ಕವನ್ನು ಸಾಲು ಸಾಲಾಗಿ ತೋರಿಸು ಎಂದರೆ, ಟೂಲ್ ಅಪ್ಪಟ ಬಿಳಿ ಉತ್ತರ ಕೊಟ್ಟಿತು! ನೆತ್ತಿಗೇರಿತು ಸಿಟ್ಟು. ಆಮೇಲೆ ಹೊಳೆಯಿತು: ಟೂಲ್ ಈ ಲೆಕ್ಕವನ್ನು ಕಾರ್ಡಿನಲ್ಲಿ ಮಾಡುವುದಿಲ್ಲ, ತನ್ನದೇ ಸಾಫ್ಟ್‌ವೇರಿನಲ್ಲಿ ಮಾಡುತ್ತದೆ. ಕಾರ್ಡನ್ನೇ ಬಾಯಿ ಬಿಡಿಸಬೇಕು. ಶೇಡರಿನ ಒಂದೊಂದು ನಡುವಿನ ಉತ್ತರವನ್ನೂ ಬಣ್ಣವಾಗಿ ಹೊರಗೆ ಕಳಿಸಿ, ಪ್ರತಿ ಸಲ ಹೊಸ ಫ್ರೇಮ್ ಹಿಡಿದೆ. ಗೋಡೆಯ ಮುಖ ಯಾವ ಕಡೆಗಿದೆ ಎಂಬುದು ಸರಿ. ಗಾರೆಯ ಒರಟು ತೋರಿಸಲು ಗೋಡೆಗೆ ಹೊದಿಸಿದ ಉಬ್ಬುತಗ್ಗಿನ ಚಿತ್ರ ಸರಿ. ಆ ಚಿತ್ರದ ಅಡ್ಡ ದಿಕ್ಕು ಹೇಳುವ ಟ್ಯಾಂಜೆಂಟನ್ನು ಕಳಿಸಿದೆ. ಕಪ್ಪು!

ಅದೇ ಫ್ರೇಮಿನಲ್ಲಿ ಗೋಡೆಯ ಮೂಲೆಗಳ ಅಂಕಿಗಳನ್ನು ತೆರೆದೆ. ಟ್ಯಾಂಜೆಂಟ್ ಇರಬೇಕಾದ ಕಡೆ ಉದ್ದಕ್ಕೂ ಸೊನ್ನೆ, ಸೊನ್ನೆ, ಸೊನ್ನೆ.

"ಗೋಡೆಗೆ ಚಿತ್ರ ಹೊದಿಸೋ ಮ್ಯಾಪಿಂಗ್ ಹೆಂಗ ಮಾಡೀರಿ?"

"ಎಂತ ಮ್ಯಾಪಿಂಗ್ ಮಾರಾಯ್ರೆ!" ಎಂದು ನಕ್ಕರು ಸಹೋದ್ಯೋಗಿ. "ಈ ಊರಲ್ಲಿ ಗೋಡೆಯೆಲ್ಲ ಬಿಳಿಯೇ ಅಲ್ವಾ? ಇಡೀ ಗೋಡೆಯನ್ನು ಬಣ್ಣದ ಪಟ್ಟಿಯ ಒಂದು ಬಿಳಿ ಚುಕ್ಕೆಯ ಮೇಲೆ ಇಟ್ಟುಬಿಡುದು. ಎಲ್ಲ ವಿಲ್ಲಾಕ್ಕೂ ಹಾಗೇ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಡೀ ಗೋಡೆ ಒಂದೇ ಚುಕ್ಕೆಯ ಮೇಲೆ ಕೂತರೆ ಅದಕ್ಕೆ ಅಡ್ಡವೂ ಇಲ್ಲ, ಉದ್ದವೂ ಇಲ್ಲ, ಟ್ಯಾಂಜೆಂಟ್ ಸೊನ್ನೆ. ನನ್ನ ಶೇಡರ್ ಆ ಸೊನ್ನೆಯನ್ನು ಅದರದೇ ಉದ್ದದಿಂದ, ಅಂದರೆ ಸೊನ್ನೆಯಿಂದಲೇ, ಭಾಗಿಸುತ್ತಿತ್ತು. ನಮ್ಮ ಕಾರ್ಡ್ ದೊಡ್ಡ ಮನಸ್ಸು ಮಾಡಿ ಸೊನ್ನೆ ಅನ್ನುತ್ತಿತ್ತು. ಗಿರಾಕಿಯ ಕಾರ್ಡ್ ಇದು ಸಂಖ್ಯೆಯೇ ಅಲ್ಲ ಅನ್ನುತ್ತಿತ್ತು. ಎರಡೂ ಕೆಟ್ಟಿರಲಿಲ್ಲ.

ಉದ್ದ ತೀರ ಸೊನ್ನೆಯಾಗದಂತೆ, ಭಾಗಿಸುವ ಮೊದಲೇ ಅದಕ್ಕೆ ಒಂದು ಪುಟಾಣಿ ಕನಿಷ್ಠ ಬೆಲೆ ಕಟ್ಟಿದೆ. ಒಂದೇ ಸಾಲು. ಪ್ರೋಗ್ರಾಂ ಮತ್ತೆ ತೆರೆದೆ. ಇಪ್ಪತ್ತು ವಿಲ್ಲಾಗಳೂ ಬಿಸಿಲಿಗೆ ಬೆಳ್ಳಗೆ ನಿಂತಿದ್ದವು. ಸಹೋದ್ಯೋಗಿ ಮೇಜು ಗುದ್ದಿದರು. ನಾನು ಕೂಗಿದ್ದು ಕೆಳಗಿನ ಹೋಟೆಲಿಗೂ ಕೇಳಿಸಿತಂತೆ.

ನಮಾಜು ಮುಗಿಸಿ ಬಂದ ಗಿರಾಕಿ ಮೌಸ್ ಹಿಡಿದು, ಗೇಟು ದಾಟಿ, ಅತಿಥಿಗಳ ಮಜ್ಲಿಸ್ ಕೋಣೆ ಹೊಕ್ಕು, ಮಹಡಿ ಹತ್ತಿ, ಕಿಟಕಿಯಲ್ಲಿ ನಿಂತು ಹೊರಗಿನ ಬಿಳಿ ಸಾಲನ್ನು ನೋಡುತ್ತಲೇ ಇದ್ದರು. "ಹೆಂಡತಿಯನ್ನೂ ಕರೆತರುತ್ತೇನೆ" ಅಂದರು. ಕೆಲಸ ನಮ್ಮದಾಯಿತು.

ಯಜಮಾನರು ಕಹ್ವಾ ಕಾಫಿ ಬಗ್ಗಿಸಿ ಮೊದಲ ಬಟ್ಟಲನ್ನು ಗಿರಾಕಿಗೆ ಕೊಟ್ಟರು. ಎರಡನೆಯದನ್ನು ನನ್ನ ಮುಂದಿಟ್ಟರು. ಮೇಜಿಗೆ ಕಲೆಯಾಗದಿರಲೆಂದು ಅದರ ಕೆಳಗೆ, ಅಷ್ಟರಲ್ಲಿ ತಾವೇ ಮಾಡಿಸಿಟ್ಟಿದ್ದ ಆ ವಿಡಿಯೋ ಡಿಸ್ಕ್ ಇಟ್ಟಿದ್ದರು.