ಕುಸ್ತಿಗೆ ಹೊರಟ ರೈಲಿನ ಬುತ್ತಿ

ಬ್ಯಾಡಗಿಯಲ್ಲಿ ನಾನು ರೈಲು ಹತ್ತಿದಾಗ, ರಾಣೇಬೆನ್ನೂರಿನಿಂದ ಬಂದಿದ್ದ ನನ್ನ ಗೆಳೆಯ ಕಿಟಕಿಗೆ ತಲೆ ಆನಿಸಿ ಕೂತಿದ್ದ. ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ಇಬ್ಬರೂ ಒಂದೇ ಗರಡಿಯ ಪೈಲ್ವಾನರು, ಇಬ್ಬರದೂ ಅರವತ್ತಾರು ಕೆ.ಜಿ. ವಿಭಾಗ. ಉತ್ತರ ಭಾರತದ ಒಂದು ದೊಡ್ಡ ಪಂದ್ಯಕ್ಕೆ ಎರಡು ದಿನದ ಹಾದಿ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಬೇಕು. ಎರಡು ಸಾವಿರದ ದಶಕದ ನಡುವಿನ ಮಾತಿದು.

ನಾನು ವಾರಗಟ್ಟಲೆ ಊಟ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ತೂಕ ಇಳಿಸಿದ್ದೆ. ಅವನು ಕೊನೆಯ ಗಳಿಗೆಯವರೆಗೂ ತಿಂದು, ಆಮೇಲೆ ಅನ್ನ ನೀರು ಎರಡೂ ಬಿಟ್ಟಿದ್ದ.

"ಲೇ, ಒಂದು ಗುಟುಕು ನೀರರ ಕುಡಿ," ಅಂದೆ.

"ಸುಮ್ಕ ಕುಂದ್ರು. ಮಾತಾಡಿಸಿದ್ರ ಒದಿತೇನಿ."

ಅವನ ಎದುರಿನ ಸೀಟಿನಲ್ಲಿ ದಪ್ಪ ಮೀಸೆಯವನೊಬ್ಬ ಮಿರ್ಚಿ ಭಜಿ ತಿನ್ನುತ್ತಿದ್ದ. ಎಣ್ಣೆಯ ವಾಸನೆ ರೈಲು ಡಬ್ಬಿಯ ತುಂಬ. "ಆ ಕಡೆ ಹೋಗಿ ತಿನ್ನು," ಎಂದ ಗೆಳೆಯ. ಮೀಸೆಯವನು ನಕ್ಕು, "ನಿನಗೂ ಬೇಕೇನು ಪೈಲ್ವಾನಾ?" ಎಂದು ಒಂದು ಭಜಿಯನ್ನು ಗೆಳೆಯನ ಮೂಗಿನ ಹತ್ತಿರ ಹಿಡಿದ.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ಆಯಿತು. ಗೆಳೆಯ ಅವನ ಕೊರಳಪಟ್ಟಿ ಹಿಡಿದು ಕಿಟಕಿಯ ಸರಳಿಗೆ ಮುಖ ಬಡಿದ. ಮೂಗಿನಿಂದ ರಕ್ತ ಚಿಮ್ಮಿತು. ಇನ್ನೊಮ್ಮೆ ಬಡಿಯುವ ಮುಂಚೆ ನಾನು ಹಿಂದಿನಿಂದ ತಬ್ಬಿದೆ. ಅವನು ತಲೆಯನ್ನು ಹಿಂದಕ್ಕೆ ಬೀಸಿದ. ನನ್ನ ಹುಬ್ಬು ಸೀಳಿತು. ಹೆಂಗಸರು ಕಿರುಚಿದರು, ನಾಲ್ಕಾರು ಜನ ಮೇಲೆ ಬಿದ್ದು ಗೆಳೆಯನನ್ನು ಚಪ್ಪಲಿಯಿಂದ ಬಾರಿಸಿದರು. ಆ ಗದ್ದಲದಲ್ಲಿ ಮೀಸೆಯವನು ನಮ್ಮ ಬುತ್ತಿಯ ಚೀಲವನ್ನು ಕಂಡು, ಬೂಟುಗಾಲಿನಿಂದ ತುಳಿದು ತುಳಿದು ಸೇಡು ತೀರಿಸಿಕೊಂಡ.

ಹಾವೇರಿಯಲ್ಲಿ ನಮ್ಮ ವಸ್ತಾದರು, ಎಂದರೆ ಗರಡಿಯ ಗುರುಗಳು, ಹತ್ತಿದರು. ನನ್ನ ಮುಖದ ರಕ್ತ ನೋಡಿದರು, ನಡೆದದ್ದು ಕೇಳಿದರು, ಗೆಳೆಯನ ಕೆನ್ನೆಗೆ ಒಂದು ಬಿಗಿದರು. ಆಮೇಲೆ ಮೀಸೆಯವನಿಗೆ ಕೈಮುಗಿದು, ತಾವೇ ಅವನ ಮೂಗು ತೊಳೆದರು. ಅವನು ಮೂಗು ಒತ್ತಿಕೊಂಡು ಬೇರೆ ಡಬ್ಬಿಗೆ ಹೋದ.

ಬುತ್ತಿಯಲ್ಲಿ ಖಡಕ್ ರೊಟ್ಟಿ, ಬೇಯಿಸಿದ ತತ್ತಿ, ಪುಟಾಣಿ ಎಂದರೆ ಹುರಿಗಡಲೆ, ಸವತೆಕಾಯಿ, ಚೂರು ಶೇಂಗಾ ಚಟ್ನಿ ಇದ್ದವು. ರೊಟ್ಟಿ ಪುಡಿಯಾಗಿ ಚಟ್ನಿಯೊಂದಿಗೆ ಬೆರೆತಿತ್ತು, ತತ್ತಿ ನುಜ್ಜಾಗಿ ಮಣ್ಣು ಮೆತ್ತಿತ್ತು, ಸವತೆಕಾಯಿ ಅಪ್ಪಚ್ಚಿಯಾಗಿತ್ತು. ಗಂಟು ಕಟ್ಟಿದ ಪುಟಾಣಿ ಮಾತ್ರ ಉಳಿದಿತ್ತು.

ವಸ್ತಾದರು ಗೆಳೆಯನ ಕೈಗೆ ನೀರಿನ ಬಾಟಲಿ ಕೊಟ್ಟರು. "ಕುಡಿ."

"ತೂಕ ಏರತೈತ್ರಿ."

"ನೀರು ಬಿಟ್ರ ತೂಕ ಇಳೀತೈತಿ, ಅದು ಕೊಬ್ಬಲ್ಲೋ, ಬರೇ ನೀರು. ಅದರ ಹಿಂದ ರಟ್ಟಿ ಬಲಾನೂ ಹೋಗತೈತಿ. ತಲಿ ಅಂತೂ ಈಗಾಗಲೇ ಹೋಗೇತಿ. ಕುಡಿ ಅಂದೆ."

ಅವನು ಅಳುತ್ತ ಕುಡಿದ.

ಹುಬ್ಬಳ್ಳಿಯಲ್ಲಿ ನನ್ನ ಹುಬ್ಬಿಗೆ ಹೊಲಿಗೆ ಹಾಕಿಸಿ ಗಾಡಿ ಬದಲಿಸಿದೆವು. ಅಲ್ಲಿಂದ ಎರಡು ದಿನ ನಿಲ್ದಾಣದಲ್ಲಿ ಸಿಕ್ಕದ್ದರಲ್ಲೇ ಆರಿಸಿ ತಿಂದೆವು. ವಡೆ, ಪೂರಿ ಬೇಡ, ಇಡ್ಲಿ. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆಂದು ಉಪ್ಪಿನಕಾಯಿ, ಚಿಪ್ಸು ಮುಟ್ಟಲಿಲ್ಲ. ಗಾಡಿಯ ಊಟದಲ್ಲಿ ಬೇಳೆ, ಮೊಸರು ಪೂರ್ತಿ, ಅನ್ನ ಅರ್ಧ. ತತ್ತಿ ಮಾರುವವ ಬಂದರೆ ಒಂದೊಂದು. ಬಾಳೆಹಣ್ಣು, ಸಕ್ಕರೆಯಿಲ್ಲದ ಚಹಾ. ಶೇಂಗಾ ಒಂದು ಹಿಡಿ ಮಾತ್ರ. ಎಣ್ಣೆಕಾಳು, ಹೊಟ್ಟೆ ತುಂಬುವ ಮೊದಲೇ ತೂಕ ತುಂಬುತ್ತದೆ. ಹಸಿವು ಹೋಗಲಿಲ್ಲ, ಆದರೆ ಕಚ್ಚುವುದನ್ನು ಬಿಟ್ಟಿತು. ಗೆಳೆಯ ಮಾತ್ರ ಪ್ರತಿ ತುತ್ತನ್ನೂ ವೈರಿಯಂತೆ ನೋಡಿ ನುಂಗುತ್ತಿದ್ದ.

ತೂಕದ ದಿನ ನಾನು ಸರಿಯಾಗಿ ಒಳಗಿದ್ದೆ. ಅವನು ಇನ್ನೂ ಒಂದು ಕಿಲೋ ಹೆಚ್ಚು. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಓಡಿ ಬೆವರು ಇಳಿಸುತ್ತೇನೆಂದು ಹಟ ಹಿಡಿದ. "ಸಾಯಾಕ ಕರಕೊಂಡ ಬಂದಿಲ್ಲ ನಿನ್ನ," ಎಂದು ವಸ್ತಾದರು ಅವನ ಹೆಸರನ್ನು ಮೇಲಿನ ವಿಭಾಗಕ್ಕೆ ಬರೆಸಿದರು.

ನನ್ನ ಮೊದಲ ಕುಸ್ತಿಯಲ್ಲೇ ಹುಬ್ಬಿನ ಹೊಲಿಗೆ ಬಿಚ್ಚಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಇನ್ನೊಂದರಲ್ಲೇ ನೋಡಿ ಎದುರಾಳಿಯನ್ನು ಚಿತ್ ಮಾಡಿದೆ. ಎರಡನೆಯದರಲ್ಲಿ ಅಂಕದ ಮೇಲೆ ಸೋತೆ, ಆದರೆ ಕೊನೆಯವರೆಗೂ ಉಸಿರು ನನ್ನದಾಗಿತ್ತು. ಗೆಳೆಯನಿಗೆ ಸಿಕ್ಕವನು ಗೂಳಿಯಂಥವನು. ಗೆಳೆಯ ಅವನನ್ನು ಎರಡು ಬಾರಿ ಕೆಡವಿದ. ಆಮೇಲೆ ಆ ಗೂಳಿ ಗೆಳೆಯನನ್ನು ಎತ್ತಿ, ಭುಜ ಕೆಳಗಾಗುವಂತೆ ಅಪ್ಪಳಿಸಿದ. ಎಲುಬು ಮುರಿದ ಸದ್ದು ಕುಸ್ತಿಯ ಚಾಪೆಯಾಚೆ ನಿಂತಿದ್ದ ನನಗೂ ಕೇಳಿಸಿತು.

ಚಾಪೆಯ ಮೇಲೆ ಬಿದ್ದಲ್ಲಿಂದಲೇ ಅವನು ನಗುತ್ತಿದ್ದ. "ಎರಡ ಸಲ ಕೆಡವಿದೆ ನೋಡಿದೇನಲೇ? ಖಾಲಿ ಹೊಟ್ಟಿಲೆ ಇದ್ರ ಒಂದ ಸಲಾನೂ ಆಗತಿರಲಿಲ್ಲ."

ಭುಜದ ಎಲುಬು ಕೂಡಿದ ಮೇಲೆ ಅವನು ಮೇಲಿನ ತೂಕದಲ್ಲೇ ಬಹಳ ವರ್ಷ ಆಡಿದ.