ಈರನ ಎರಡು ಬಳೆ

ಮಾದೇವ ಮೂರು ವರ್ಷ ದುಬೈ ಬಂದರಿನಲ್ಲಿ ದುಡಿದು ೧೯೮೨ರಲ್ಲಿ ಹೊನ್ನಾವರಕ್ಕೆ ಹೊರಟಾಗ ಅವನ ಚೀಲದಲ್ಲಿ ನಾಲ್ಕು ಚಿನ್ನದ ಬಳೆಗಳಿದ್ದವು. ಎರಡು ತನ್ನ ಮಗಳಿಗೆ, ಎರಡು ಅಲ್ಲಿ ಜೊತೆಗೆ ದುಡಿಯುತ್ತಿದ್ದ ಗೆಳೆಯ ಈರನ ಮಗಳಿಗೆ. ಊರಿನಲ್ಲಿ ಮೂರು ಪವನು ಚಿನ್ನ ಸಿಗುವ ದುಡ್ಡಿಗೆ ಅಲ್ಲಿ ನಾಲ್ಕು ಸಿಗುತ್ತದೆಂದು ಇಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ನಮೂನೆಯವನ್ನು ಕೊಂಡಿದ್ದರು. ವಾರದೊಳಗೆ ಈರ ಹಡಗಿನ ಮೇಲಿಂದ ಬಿದ್ದು ಸತ್ತ.

ಬೊಂಬಾಯಿಯಲ್ಲಿ ಕಸ್ಟಮ್ಸಿನವ ಬಳೆಗಳನ್ನು ತೂಗಿ, "ಒಬ್ಬನಿಗೆ ಎರಡರ ಬೆಲೆಯಷ್ಟೇ ಮಾಫಿ. ಉಳಿದವಕ್ಕೆ ಸುಂಕ ಕಟ್ಟು, ಇಲ್ಲ ಬಿಟ್ಟು ಹೋಗು" ಎಂದ. ಸುಂಕ ಕಟ್ಟಿದರೆ ಊರಿನ ಚಿನ್ನಕ್ಕಿಂತ ದುಬಾರಿ. ಕಟ್ಟಲು ಕೈಯಲ್ಲಿ ಕಾಸೂ ಇರಲಿಲ್ಲ. ಮಾದೇವ ಎರಡು ಬಳೆ ಬಿಟ್ಟು ಬಂದ.

ಪಕ್ಕದ ಹಳ್ಳಿ ಕರ್ಕಿಗೆ ಹೋಗಿ ಈರನ ಹೆಂಡತಿ ಮಂಜಿಗೆ, "ಈರನ ಬಳೆಗಳನ್ನೇ ಹಿಡಿದುಕೊಂಡರು" ಎಂದು ಹೇಳಿದ.

ಅಂದಿನಿಂದ ಮಗಳ ಕೈಬಳೆ ಸದ್ದಾದರೆ ಸಾಕು, ಮಾದೇವ ಉಣ್ಣುವ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಅವಳು ಮೀನು ತೊಳೆದರೂ, ನೀರು ಸೇದಿದರೂ, ಹಡಗಿನ ಕಬ್ಬಿಣದ ಮೆಟ್ಟಿಲಿಳಿದು ಈರ ಬಂದ ಹಾಗೆ ಕೇಳಿಸುತ್ತಿತ್ತು. "ತೆಗೆದಿಡೇ ಆ ಹಾಳು ಬಳೆ!" ಎಂದು ರೇಗುತ್ತಿದ್ದ. ಮಗಳ ಮದುವೆಯ ದಿನ ಹಾಗೆ ಹೇಳುವಂತಿರಲಿಲ್ಲ.

ಆ ದಿನ ಮಂಜಿ ಚಪ್ಪರದ ಕೊನೆಯಲ್ಲಿ ಕೂತಿದ್ದಳು. ಮದುಮಗಳು ಕಾಲಿಗೆರಗಿದಾಗ ಅವಳ ಕೈ ಹಿಡಿದುಕೊಂಡು ಬಳೆಗಳನ್ನು ಮೆಲ್ಲಗೆ ತಿರುಗಿಸಿ ನೋಡಿ, ಪಕ್ಕದಲ್ಲಿ ನಿಂತಿದ್ದ ಮಾದೇವನನ್ನು ಕೇಳಿದಳು:

"ಮಾದೇವಣ್ಣ, ನಾಲ್ಕೂ ಒಂದೇ ನಮೂನೆ ಅಂತ ಅವರು ಕಾಗದ ಬರೆದಿದ್ರು. ಹಿಡಿದದ್ದು ಅವರದ್ದೇ ಅಂತ ನಿಂಗೆ ಹ್ಯಾಂಗೆ ಗೊತ್ತಾತು?"