ಹಿಂದೂ ಊಟ ಅಂತ ನಾನ ಬರೆಸಿದ್ದು

ನನಗ ಓದಾಕ ಅಷ್ಟಕ್ಕಷ್ಟ ಬರ್ತದ. ಅರವತ್ತರ ದಶಕದಾಗಿನ ಮಾತಿದು. ಲಂಡನ್ನಿನ್ಯಾಗಿದ್ದ ತಂಗಿಗೆ ಹೆರಿಗಿ ಇತ್ತು. ಆಕಿ ಮೊದಲನೇ ಕೂಸು ಹೋಗಿತ್ತು, ಅದಕ್ಕ ಅವ್ವ ಹೋಗಲೇಬೇಕಿತ್ತು. ಅವ್ವಗ ಸಕ್ಕರಿ ಬ್ಯಾನಿ. ದಿನಾ ಇನ್ಸುಲಿನ್ ಸೂಜಿ ನಾನ ಹಾಕ್ತಿದ್ದೆ, ಅದಕ್ಕ ನಾನೂ ಹೊಂಟೆ. ಸೂಜಿ ಹಾಕಿದ ಮ್ಯಾಲ ಉಣ್ಣಲಿಲ್ಲಂದ್ರ ಆಕಿ ಬೆವತು ಬೀಳ್ತಿದ್ಲು.

ಹುಬ್ಬಳ್ಳಿಯೊಳಗ ಟಿಕೀಟು ಮಾಡಿಸೋ ಏಜೆಂಟ ಮೊದಲನೇ ದಿನವೇ ಕೇಳಿದ್ದ.

"ಊಟದ್ದು ಏನರ ಬ್ಯಾರೆ ಬೇಕೇನ್ರಿ? ಈಗ ಬರಸ್ರಿ. ಬದಲಿ ಮಾಡೂದಿದ್ರ ವಿಮಾನ ಏಳೂಕಿಂತ ಎರಡು ದಿನ ಮೊದಲ ಹೇಳಬೇಕು. ಆಮ್ಯಾಲ ಅಡಗಿಯವರಿಗೆ ಪಟ್ಟಿ ಹೋಗಿಬಿಡ್ತದ."

ನಾನು ಜಂಬದಿಂದ ಅಂದೆ, "ನಾವು ಹಿಂದೂಗೋಳು. ಹಿಂದೂ ಊಟ ಅಂತ ಬರೀರಿ." ಅವನೂ ಬರದ.

ರೈಲಿಗೆ ಹೊಂಡೂ ದಿನ ಮುಂಜಾನಿ ಟಿಕೀಟು ಇಸಗೊಳ್ಳಾಕ ಹೋದ್ವಿ. ವಿಮಾನಕ್ಕ ಎರಡು ದಿನ ಪೂರಾ ಉಳಿದಿರಲಿಲ್ಲ. ಮುಂಬಯಿಯ ವಿಮಾನ ಕಂಪನಿಯಿಂದ ಬಂದ ತಾರು ಓದಿ ಏಜೆಂಟ ಕೇಳಿದ, "ಅವ್ವಾರ, ನೀವು ಕುರಿ ಕೋಳಿ ತಿಂತೀರೇನ್ರಿ?"

"ನಿನಗ ತಲಿ ನೆಟ್ಟಗೈತೇನೋ? ಕೊಳ್ಳಾಗ ಲಿಂಗ ಕಾಣಸವಲ್ದೇನು?" ಅಂದ್ಲು ಅವ್ವ.

"ಸಿಟ್ಟಾಗಬ್ಯಾಡ್ರಿ. ಅವರ ಲೆಕ್ಕದಾಗ ಹಿಂದೂ ಊಟ ಅಂದ್ರ ದನದ ಮಾಂಸ ಇರೂದಿಲ್ಲ, ಅಷ್ಟ. ಕಾಯಿಪಲ್ಲೆ ಊಟ ಅಂತ ಬ್ಯಾರೆ ಬರಸಬೇಕಿತ್ತು. ತತ್ತಿ ಬ್ಯಾಡಂತನೂ ಹೇಳಬೇಕಿತ್ತು."

ಅವ್ವ ನನ್ನ ಕಡೆ ನೋಡಿದ್ಲು. ಬೈದಿದ್ರ ಛಲೋ ಇತ್ತು.

ಅಲ್ಲೇ ಕುಂತು ಟ್ರಂಕ್ ಕಾಲ್ ಹಚ್ಚಿಸಿದ್ವಿ. ಎರಡು ತಾಸಿಗೆ ಲೈನ್ ಸಿಕ್ತು. ಮುಂಬಯಿಯೊಳಗ ಏರಿಸೂ ಊಟಕ್ಕ ವೇಳೆ ಮೀರೇತಿ, ಮಾತು ಕೊಡಾಕ ಬರೂದಿಲ್ಲ ಅಂದ್ರಂತ. ನಡುವ ವಿಮಾನ ಇಳಿಯೋ ಊರಾಗ ಹೊಸಾ ಊಟ ಏರಿಸ್ತಾರ, ಅಲ್ಲಿಗೆ ಸುದ್ದಿ ಕಳಸ್ತೇವಿ ಅಂದ್ರಂತ.

ಅಲ್ಲಿಂದ ಸೀದಾ ದೇಶಪಾಂಡೆ ನಗರದ ಡಾಕ್ಟರ ಕಡೆ ಹೋದೆ. ಅವರು ಒಂದ ಮಾತು ಹೇಳಿದ್ರು. "ಉಣ್ಣೂದು ಕೈಯಾಗ ಬಂದ ಮ್ಯಾಲ ಸೂಜಿ. ಮೊದಲ ಹಾಕಿದ್ರ ನಿಮ್ಮವ್ವನ ಜೀವಕ್ಕ ಬರ್ತದ."

ಮನಿಗೆ ಬಂದು ದಾರಿಗೆ ಕೆಡದಂಥ ಕಟಕ ರೊಟ್ಟಿ ಬಡದೆ, ಶೇಂಗಾ ಚಟ್ನಿ ಕಟ್ಟಿಕೊಂಡೆ.

ವಿಮಾನದಾಗ ಮೊದಲನೇ ತಾಟಿನ್ಯಾಗ ಕೋಳಿನೇ ಬಂತು. ಅವ್ವ ಸೆರಗು ಮೂಗಿಗೆ ಹಿಡದ್ಲು. ನಾನು ತಾಟು ಹೊಳ್ಳಿ ಕೊಟ್ಟು ರೊಟ್ಟಿ ಬಿಚ್ಚಿಟ್ಟು ಸೂಜಿ ಹಾಕಿದೆ. ಆಕಿ ಅಂಗೈಯಾಗ ಲಿಂಗ ಹಿಡಕೊಂಡು ಪೂಜಿ ಮುಗಿಸಿ ಉಂಡ್ಲು.

ನಡುವಿನ ಊರು ದಾಟಿದ ಮ್ಯಾಲ ಊಟ ಹಂಚೋ ಮುಂಬಯಿ ಹುಡುಗಿ ಚೀಟಿ ಹಚ್ಚಿದ ಎರಡು ತಾಟು ತಂದ್ಲು. ಅನ್ನ, ಬಟಾಣಿ, ಬ್ರೆಡ್ಡು. ಚೀಟಿ ಇಂಗ್ಲೀಷಿನ್ಯಾಗಿತ್ತು.

"ತತ್ತಿ ಇಲ್ಲ ಹೌದಲ್ಲ?" ಅಂದ್ಲು ಅವ್ವ.

ಹೌದು ಅನ್ನಾಕ ಬಾಯಿ ತಗದೆ. ಹಿಂದೂ ಊಟ ಅಂತ ಬರೆಸಿದ್ದೂ ಇದ ಬಾಯಿ. ಸೂಜಿ ಕೈಯಾಗ ಹಂಗ ಹಿಡಕೊಂಡು ಆ ಹುಡುಗಿನ್ನ ಹೊಳ್ಳಿ ಕರದು ಮರಾಠಿಯೊಳಗ ಕೇಳಿದೆ. ಆಕಿ ಒಳಗ ಹೋಗಿ ವಿಚಾರಿಸಿ ಬಂದು, ತತ್ತಿ ಇಲ್ಲ ಅಂದ್ಲು.

ಆಮ್ಯಾಲ ಸೂಜಿ ಹಾಕಿದೆ.